‘ನೀವು ನಮ್ಮ ಎಂಪ್ಲಾಯಿನೇ ಅಲ್ಲ’: ಕನ್ಸಲ್ಟೆಂಟ್ ಅಂತ ಸೇರಿಸಿಕೊಂಡು ಕೆಲಸದಿಂದ ತೆಗೆದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕಾರ್ಮಿಕ ಕೇಸು ನಡೆಸುವ ನನ್ನ ಹತ್ತಿರ ಬರುವವರಲ್ಲಿ ಈಗ ಒಂದು ಹೊಸ ಬಗೆ ಜಾಸ್ತಿಯಾಗಿದೆ. ಕೈಯಲ್ಲಿ ಅಪಾಯಿಂಟ್‌ಮೆಂಟ್ ಲೆಟರ್ ಇರುವುದಿಲ್ಲ. ಅದರ ಬದಲು ‘ಕನ್ಸಲ್ಟೆನ್ಸಿ ಅಗ್ರಿಮೆಂಟ್’ ಅನ್ನೋ ಐದಾರು ಹಾಳೆ ಇರುತ್ತದೆ. ಕೆಲಸ ಹೋಗಿದೆ. ಕೇಳಿದರೆ ಕಂಪನಿಯಿಂದ ಒಂದೇ ಉತ್ತರ: ನೀವು ನಮ್ಮ ಎಂಪ್ಲಾಯಿನೇ ಅಲ್ಲ, ತೆಗೆಯೋ ಮಾತು ಎಲ್ಲಿ ಬಂತು? ಈ ಉತ್ತರ ಎಷ್ಟು ಗಟ್ಟಿ, ಎಲ್ಲಿ ಪೊಳ್ಳು ಅನ್ನುವುದಷ್ಟೇ ಇಲ್ಲಿನ ವಿಷಯ.

ಅಗ್ರಿಮೆಂಟ್‌ನಲ್ಲಿ ‘ಕನ್ಸಲ್ಟೆಂಟ್’ ಅಂತ ಬರೆದು ನಾನೇ ಸಹಿ ಹಾಕಿದ್ದೇನೆ. ಅಲ್ಲಿಗೆ ಮುಗೀತಾ?

ಇಲ್ಲ. ಕಾಗದದ ಮೇಲಿನ ಹೆಸರು ಒಂದು ಸಾಕ್ಷಿ, ಅಷ್ಟೇ. ಅದು ತೀರ್ಪಲ್ಲ. ಕೋರ್ಟು ನೋಡುವುದು ದಿನವೂ ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದನ್ನು.

ಮನೆಗೆ ಬಣ್ಣ ಹೊಡೆಸುವಾಗ ಒಬ್ಬ ಪೇಂಟರ್‌ಗೆ ಇಡೀ ಮನೆಗೆ ಇಷ್ಟು ಅಂತ ಮಾತಾಡಿ ಗುತ್ತಿಗೆ ಕೊಡುತ್ತೇವೆ. ಅವನು ಎಷ್ಟು ಜನರನ್ನು ಕರೆತರುತ್ತಾನೆ, ಹತ್ತಕ್ಕೆ ಬರುತ್ತಾನೋ ಹನ್ನೊಂದಕ್ಕೋ, ನಾಳೆ ಬೇರೆ ಮನೆಗೆ ಹೋಗುತ್ತಾನೋ, ಎಲ್ಲ ಅವನಿಗೆ ಬಿಟ್ಟಿದ್ದು. ನಮಗೆ ಬೇಕಾದ್ದು ಬಣ್ಣ ಹೊಡೆದ ಗೋಡೆ. ಅದೇ ಮನೆಗೆ ಒಬ್ಬ ಡ್ರೈವರ್ ಇದ್ದಾನೆ ಅನ್ನಿ. ಎಷ್ಟು ಹೊತ್ತಿಗೆ ಬರಬೇಕು, ಎಲ್ಲಿಗೆ ಹೋಗಬೇಕು, ಯಾವ ರಸ್ತೆ ಹಿಡಿಯಬೇಕು, ಯಾವತ್ತು ರಜೆ, ಎಲ್ಲ ನಾವು ಹೇಳಿದಂತೆ. ಅಲ್ಲಿ ನಾವು ಆಗಬೇಕಾದ ಕೆಲಸವನ್ನು ಕೊಂಡೆವು, ಇಲ್ಲಿ ದುಡಿಯುವ ಮನುಷ್ಯನನ್ನು ಇಟ್ಟುಕೊಂಡೆವು. ಸ್ವತಂತ್ರ ಗುತ್ತಿಗೆದಾರನಿಗೂ ಉದ್ಯೋಗಿಗೂ ಇರುವ ವ್ಯತ್ಯಾಸದ ತಿರುಳು ಇದೇ. ಡ್ರೈವರ್ ಹತ್ತಿರ ‘ಸ್ವತಂತ್ರ ಸಾರಿಗೆ ಸಲಹೆಗಾರ’ ಅಂತ ಬರೆಸಿಕೊಂಡರೆ ಅವನು ಪೇಂಟರ್ ಆಗಿಬಿಡುವುದಿಲ್ಲ, ಅಲ್ವಾ?

ಹಾಗಾದರೆ ಕೋರ್ಟು ಯಾವುದನ್ನು ಅಳೆದು ನೋಡುತ್ತದೆ?

ಒಂದೇ ಅಳತೆಗೋಲು ಇಲ್ಲ. ಮೊದಲು ಬಂದದ್ದು ಹಿಡಿತದ ಪ್ರಶ್ನೆ: ಏನು ಮಾಡಬೇಕು ಅಂತ ಮಾತ್ರವಲ್ಲ, ಹೇಗೆ ಮಾಡಬೇಕು ಅಂತಲೂ ಹೇಳುವ ಅಧಿಕಾರ ಯಾರಿಗಿತ್ತು? 1956ರ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಉಪ್ಪಿನ ಗದ್ದೆಯಲ್ಲಿ ದುಡಿಯುವ ಅಗರಿಯಾಗಳನ್ನು ಕಾರ್ಮಿಕರು ಅಂತಲೇ ಹೇಳಿತು. ಅವರಿಗೆ ಸಂಬಳ ಇರಲಿಲ್ಲ, ತೆಗೆದ ಉಪ್ಪಿನ ಲೆಕ್ಕದಲ್ಲಿ ದುಡ್ಡು. ಸಹಾಯಕ್ಕೆ ಮನೆಯವರನ್ನೂ ಬೇರೆಯವರನ್ನೂ ಸೇರಿಸಿಕೊಳ್ಳುತ್ತಿದ್ದರು. ಆದರೂ ಕೆಲಸದ ಪ್ರತಿ ಹಂತದಲ್ಲಿ ಕಂಪನಿಯ ಮೇಲ್ವಿಚಾರಣೆ ಇತ್ತು, ಅವರೂ ಸ್ವತಃ ದುಡಿಯುತ್ತಿದ್ದರು.

ನನಗೆ ಇಷ್ಟವಾದ ಕೇಸು 1973ರದು, ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್. ಆಂಧ್ರದ ಒಂದು ದರ್ಜಿ ಅಂಗಡಿ. ದರ್ಜಿಗಳಿಗೆ ಪೀಸಿಗೆ ಇಷ್ಟು ಅಂತ ಕೂಲಿ. ಕೆಲಸ ಇದ್ದರೆ ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ರಜೆ ಚೀಟಿ ಕೊಡಬೇಕಾಗಿಲ್ಲ. ಕೆಲವರು ಬಟ್ಟೆ ಮನೆಗೆ ಒಯ್ದು ಹೊಲಿಯುವುದೂ ಇತ್ತು. ಇಷ್ಟೆಲ್ಲ ಸಡಿಲ ಇದ್ದ ಮೇಲೆ ಅವರು ಸ್ವತಂತ್ರರು ಅಂತ ಮಾಲೀಕರ ವಾದ. ಕೋರ್ಟು ಒಪ್ಪಲಿಲ್ಲ. ಹೊಲಿಗೆ ಯಂತ್ರ ಅಂಗಡಿಯದು. ಹೊಲಿಗೆ ಸರಿ ಬರದಿದ್ದರೆ ಬಿಚ್ಚಿ ಮತ್ತೆ ಹೊಲಿ ಅಂತ ಹೇಳುವ ಹಕ್ಕು ಮಾಲೀಕರದು. ಹೇಳಿದಂತೆ ಹೊಲಿಯದವರಿಗೆ ಮುಂದೆ ಕೆಲಸ ಕೊಡದಿರುವ ಹಕ್ಕೂ ಅವರದೇ. ಪರಿಣತಿ ಇರುವ ಕೆಲಸಗಾರನ ಪಕ್ಕ ನಿಂತು ಸೂಜಿ ಹೀಗೆ ಹಿಡಿ ಅಂತ ಯಾರೂ ಹೇಳುವುದಿಲ್ಲ. ಆದ್ದರಿಂದ ಹಿಡಿತ ಒಂದನ್ನೇ ನೋಡಬಾರದು, ಎಲ್ಲವನ್ನೂ ಒಟ್ಟಿಗೆ ತೂಗಬೇಕು ಅಂದಿತು.

ಈಗ ನಡೆಯುವುದು ಆ ಒಟ್ಟು ತೂಕವೇ. ಯಾರು ಸೇರಿಸಿಕೊಂಡರು, ಯಾರು ತೆಗೆಯಬಹುದಿತ್ತು, ದುಡ್ಡು ಹೇಗೆ ಬರುತ್ತಿತ್ತು, ಉಪಕರಣ ಯಾರದು, ನಿಮ್ಮ ಬದಲು ಇನ್ನೊಬ್ಬರನ್ನು ಕಳಿಸಬಹುದಿತ್ತಾ, ಬೇರೆಯವರಿಗೂ ಕೆಲಸ ಮಾಡಬಹುದಿತ್ತಾ, ಲಾಭ ನಷ್ಟ ಯಾರ ತಲೆಗೆ? ಕೊನೆಯ ಪ್ರಶ್ನೆ ಬಹಳ ಕೆಲಸಕ್ಕೆ ಬರುತ್ತದೆ. ಚೆನ್ನಾಗಿ ನಡೆಸಿದರೆ ಜಾಸ್ತಿ ಉಳಿಸಿ, ಎಡವಿದರೆ ಕೈಯಿಂದ ಕಳೆದುಕೊಳ್ಳುವವನು ಗುತ್ತಿಗೆದಾರ. ತಿಂಗಳಾದರೆ ಅಷ್ಟೇ ಮೊತ್ತ ಬರುವವನಿಗೆ ಆ ಮಾತು ಹೊಂದುವುದು ಕಷ್ಟ.

ಒಂದು ಕೇಸು ಹಿಡಿದು ವಿವರಿಸಿ.

ಆಗಲಿ. ಇದು ಒಬ್ಬರ ಕಥೆಯಲ್ಲ. ಒಂದೇ ಥರದ ಹಲವು ಕೇಸುಗಳನ್ನು ಸೇರಿಸಿ ಕಟ್ಟಿದ್ದು.

ದಾಸರಹಳ್ಳಿಯಲ್ಲಿ ಮನೆ ಇರುವ, ಐಟಿಐ ಓದಿದ ಹುಡುಗ. ಮನೆಗಳಿಗೆ ಕುಡಿಯುವ ನೀರಿನ ಫಿಲ್ಟರ್ ಮಾರುವ ಕಂಪನಿಯಲ್ಲಿ ಸರ್ವಿಸ್ ಟೆಕ್ನಿಷಿಯನ್. 2022ರ ಮೇ 1ರಂದು ಸೇರಿದ. 11 ತಿಂಗಳ ಕನ್ಸಲ್ಟೆನ್ಸಿ ಅಗ್ರಿಮೆಂಟ್. ಅದು ಮುಗಿದ ಮರುದಿನ ಇನ್ನೊಂದು, ಆಮೇಲೆ ಮತ್ತೊಂದು, ಒಟ್ಟು ನಾಲ್ಕು. ಕೊನೆಯದು 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ‘ಹೊಸ ಪೇಪರ್ ಬರ್ತಿದೆ, ನೀನು ಕೆಲಸ ಮಾಡ್ತಿರು’ ಅಂದರು. ಜನವರಿಯಲ್ಲೂ ಮಾಡುತ್ತಿದ್ದ. ಜನವರಿ 20ರ ಸಂಜೆ ಅವನನ್ನು ವಾಟ್ಸಾಪ್ ಗ್ರೂಪಿನಿಂದ ತೆಗೆದರು. ಫೋನ್ ಮಾಡಿದರೆ ಸೂಪರ್‌ವೈಸರ್ ಹೇಳಿದ್ದು: ‘ನಾಳೆಯಿಂದ ಬರೋದು ಬೇಡಪ್ಪ, ಮೇಲಿನವರ ತೀರ್ಮಾನ.’

ತಿಂಗಳಿಗೆ 26,000 ರೂಪಾಯಿ ‘ಪ್ರೊಫೆಷನಲ್ ಫೀ’. ಅದರಲ್ಲಿ ಶೇ 10 ಟಿಡಿಎಸ್ ಹಿಡಿದು 23,400 ಬ್ಯಾಂಕಿಗೆ. ಪಿಎಫ್ ಇಲ್ಲ. ಕಂಪನಿ ಇದನ್ನೇ ಮುಂದೆ ಹಿಡಿಯಿತು: ನೋಡಿ, ಸಂಬಳವಲ್ಲ, ಫೀ. ಬೈಕ್ ಕೂಡ ಅವನದೇ.

ಈಗ ಇನ್ನೊಂದು ತಟ್ಟೆ. ಬೆಳಿಗ್ಗೆ 9ಕ್ಕೆ ಗ್ರೂಪಿನಲ್ಲಿ ಸೆಲ್ಫಿ ಹಾಕಿ ಹಾಜರಿ. ಅವತ್ತು ಯಾವ ಮನೆಗಳಿಗೆ ಹೋಗಬೇಕು ಅನ್ನುವ ಪಟ್ಟಿ ಆಫೀಸಿನಿಂದ. ಕಂಪನಿಯ ಟೀ ಶರ್ಟ್, ಕಂಪನಿಯ ಗುರುತಿನ ಚೀಟಿ, ಟೂಲ್ ಕಿಟ್ ಮತ್ತು ಬಿಡಿಭಾಗ ಕಂಪನಿಯದು. ಗಿರಾಕಿ ಎಷ್ಟು ಕೊಡಬೇಕು ಅನ್ನುವುದು ಕಂಪನಿಯ ದರಪಟ್ಟಿಯಲ್ಲಿದೆ, ಹುಡುಗ ಒಂದು ರೂಪಾಯಿ ಹೆಚ್ಚಿಸುವಂತಿಲ್ಲ. ರಜೆ ಬೇಕಾದರೆ ಸೂಪರ್‌ವೈಸರ್‌ನ ಕೇಳಬೇಕು. ಒಮ್ಮೆ ಜ್ವರ ಬಂದಾಗ ತಮ್ಮನನ್ನು ಕಳಿಸಲಾ ಅಂದಿದ್ದಕ್ಕೆ ಬೈಗುಳ ಸಿಕ್ಕಿತ್ತು. ಭಾನುವಾರ ಬೇರೆ ಮನೆಯ ಫಿಲ್ಟರ್ ರಿಪೇರಿ ಮಾಡಿದ್ದು ಗೊತ್ತಾಗಿ ವಾರ್ನಿಂಗ್ ಮೇಲ್ ಬಂದಿತ್ತು.

ಆ ವಾರ್ನಿಂಗ್ ಮೇಲ್ ಬಂದ ದಿನ ಅವನಿಗೆ ಬೇಜಾರಾಗಿತ್ತು. ಕೇಸಿನಲ್ಲಿ ಅದೇ ಚಿನ್ನ. ಸ್ವತಂತ್ರ ಗುತ್ತಿಗೆದಾರ ಬೇರೆ ಮನೆಯ ಕೆಲಸ ಮಾಡಿದರೆ ಯಾರೂ ಶಿಸ್ತುಕ್ರಮದ ಮಾತಾಡುವುದಿಲ್ಲ. ತಮ್ಮನನ್ನು ಕಳಿಸಬಾರದು ಅಂದದ್ದೂ ಹಾಗೇ. ಕಂಪನಿಗೆ ಬೇಕಿದ್ದದ್ದು ಫಿಲ್ಟರ್ ರಿಪೇರಿ ಆಗುವುದಷ್ಟೇ ಆಗಿದ್ದರೆ ಯಾರು ಬಂದರೇನು? ಅವರಿಗೆ ಬೇಕಿದ್ದದ್ದು ಈ ಮನುಷ್ಯ, ಈ ಹೊತ್ತಿನಲ್ಲಿ, ಈ ಬಟ್ಟೆಯಲ್ಲಿ.

ಬೈಕ್ ಅವನದು ಅನ್ನುವುದು ಕಂಪನಿ ಪರವಾದ ಅಂಶವೇ, ಆದರೆ ಹಗುರವಾದದ್ದು. ಟಿಡಿಎಸ್ ಹೇಗೆ ಹಿಡಿದರು ಅನ್ನುವುದು ಕಂಪನಿ ತಾನೇ ತೀರ್ಮಾನಿಸಿ ಮಾಡಿದ ಕೆಲಸ. ಆ ಮೂಲಕ ಅದು ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಳ್ಳಲು ಆಗುವುದಿಲ್ಲ.

‘ಅಗ್ರಿಮೆಂಟ್ ಅವಧಿ ಮುಗೀತು, ನಾವು ತೆಗೆಯಲಿಲ್ಲ’ ಅಂದರೆ?

ಇದು ಪೊಳ್ಳು ವಾದವಲ್ಲ, ಎಚ್ಚರ ಬೇಕು. ನಿಗದಿತ ಅವಧಿಯ ಕೆಲಸ ಆ ಅವಧಿ ಮುಗಿದು ನಿಂತರೆ ಕಾನೂನು ಅದನ್ನು ರಿಟ್ರೆಂಚ್‌ಮೆಂಟ್, ಅಂದರೆ ಶಿಕ್ಷೆಯಾಗಿ ಅಲ್ಲದೆ ಮಾಲೀಕರೇ ಕೆಲಸದಿಂದ ತೆಗೆಯುವುದು, ಅನ್ನುವುದಿಲ್ಲ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಹೀಗೇ ಇತ್ತು, ಅದರ ಜಾಗಕ್ಕೆ ಬಂದ ಈಗಿನ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ.

ಆದರೆ ನಮ್ಮ ಹುಡುಗನ ಕೇಸಿನಲ್ಲಿ ಡಿಸೆಂಬರ್ 31 ದಾಟಿ 20 ದಿನ ಕೆಲಸ ಮಾಡಿಸಿದ್ದಾರೆ. ಆ 20 ದಿನದ ಸೆಲ್ಫಿ ಮತ್ತು ಕೆಲಸದ ಪಟ್ಟಿ ಇದ್ದರೆ ಅವಧಿ ಮುಗಿದು ತಾನಾಗಿ ನಿಂತಿತು ಅನ್ನುವ ಮಾತು ನಿಲ್ಲುವುದು ಕಷ್ಟ. ಇನ್ನೊಂದು, ಕೆಲಸ ವರ್ಷಪೂರ್ತಿ ಇದೆ, ಮನುಷ್ಯನೂ ಅವನೇ, ಕಾಗದ ಮಾತ್ರ 11 ತಿಂಗಳಿಗೊಮ್ಮೆ ಹೊಸದು ಅಂದರೆ, ಈ ತುಂಡು ತುಂಡು ಅವಧಿ ಹಕ್ಕು ತಪ್ಪಿಸಲು ಮಾಡಿದ ಏರ್ಪಾಡು ಅಂತ ವಾದಿಸಬಹುದು. ಕೋರ್ಟು ಒಪ್ಪುತ್ತದೋ ಇಲ್ಲವೋ ದಾಖಲೆ ನೋಡಿ ಹೇಳಬೇಕು. ನಾಲ್ಕು ಅಗ್ರಿಮೆಂಟ್‌ಗಳ ಪ್ರತಿಯೂ ಇಟ್ಟುಕೊಳ್ಳಿ ಅಂತ ನಾನು ಪ್ರಾಣ ತಿನ್ನುವುದು ಇದಕ್ಕೇ.

240 ದಿನ, 240 ದಿನ ಅಂತಾರಲ್ಲ, ಏನದು?

ತೆಗೆದ ದಿನದಿಂದ ಹಿಂದಕ್ಕೆ ಎಣಿಸಿದ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಒಂದು ವರ್ಷದ ನಿರಂತರ ಸೇವೆ. ರಿಟ್ರೆಂಚ್‌ಮೆಂಟ್‌ನ ನೋಟಿಸ್, ಪರಿಹಾರ ಕೇಳಲು ಇಷ್ಟು ಸೇವೆ ಬೇಕು. ನೆಲದೊಳಗಿನ ಗಣಿಯಲ್ಲಿ ಮಾತ್ರ 190. ವಾರದ ರಜೆ, ಹಬ್ಬದ ರಜೆಗೆ ಕೂಲಿ ಕೊಟ್ಟಿದ್ದರೆ ಆ ದಿನಗಳನ್ನೂ ಸೇರಿಸಿ ಎಣಿಸಬೇಕು. ಬೆಂಗಳೂರಿನಲ್ಲಿ ಎಷ್ಟೋ ಜನ ಭಾನುವಾರ ಕಳೆದು ಎಣಿಸಿ, ಸುಮ್ನೆ ಸಾಲಲಿಲ್ಲ ಅಂತ ಮನೆಗೆ ಹೋಗುತ್ತಾರೆ.

ಇದನ್ನು ತೋರಿಸುವ ಹೊಣೆ ಕೆಲಸಗಾರನದು. ನಮ್ಮ ಕರ್ನಾಟಕದಿಂದಲೇ ಹೋದ ಆರ್.ಎಂ. ಯೆಲ್ಲಟ್ಟಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಬರೀ ಅಫಿಡವಿಟ್ ಸಾಲದು. ಕೆಲಸಗಾರ ಕಟಕಟೆಗೆ ಬಂದು ಹೇಳಬೇಕು, ಕೈಯಲ್ಲಿರುವ ದಾಖಲೆ ಕೊಡಬೇಕು, ಹಾಜರಿ ಪುಸ್ತಕ ಮಾಲೀಕರ ಹತ್ತಿರ ಇದ್ದರೆ ಅದನ್ನು ತರಿಸಿ ಅಂತ ಕೇಳಬೇಕು. ಉದ್ಯೋಗಿ ಹೌದೋ ಅಲ್ಲವೋ ಅನ್ನುವುದನ್ನು ತೋರಿಸುವ ಭಾರವೂ ಮೊದಲು ನಮ್ಮ ಮೇಲೇ ಇದೆ.

ಇಷ್ಟೆಲ್ಲ ಸಾಬೀತಾದರೆ ಎಷ್ಟು ಸಿಗುತ್ತದೆ?

ಮೊದಲು ಕಾನೂನು ಯಾವುದು ಅನ್ನೋಣ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಜಾರಿಯಾದದ್ದು 2025ರ ನವೆಂಬರ್ 21ರಂದು. ನಮ್ಮ ಹುಡುಗನನ್ನು ತೆಗೆದದ್ದು ಅದಾದ ಮೇಲೆ. ಅದಕ್ಕೂ ಮೊದಲು ಕೆಲಸ ಹೋದವರ ಲೆಕ್ಕ ಹಳೆಯ ಕಾಯ್ದೆ ಇಟ್ಟುಕೊಂಡು ನೋಡಬೇಕು.

ರಿಟ್ರೆಂಚ್‌ಮೆಂಟ್ ಮಾಡುವಾಗ ಕಂಪನಿ ಕಾರಣ ಹೇಳಿ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ವೇತನ. ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ. ಆರು ತಿಂಗಳು ಮೀರಿದ ಚೂರು ಇದ್ದರೆ ಅದೂ ಒಂದು ವರ್ಷ. ಇದು ಹಳೆಯದರಲ್ಲೂ ಹೊಸದರಲ್ಲೂ ಒಂದೇ.

ಹುಡುಗನ ಸೇವೆ 3 ವರ್ಷ 8 ತಿಂಗಳು 20 ದಿನ. ಅಂದರೆ 4 ವರ್ಷದ ಲೆಕ್ಕ. 15 ದಿನದ ವೇತನ ಅಂದರೆ ತಿಂಗಳ ಅರ್ಧ, 13,000. ಗ್ರಾಚ್ಯುಟಿಯ ಹಾಗೆ ಇಲ್ಲಿ ತಿಂಗಳ ವೇತನವನ್ನು 26 ದಿನದಿಂದ ಭಾಗಿಸುವುದಿಲ್ಲ. ಲೆಕ್ಕಕ್ಕೆ ಹಿಡಿಯುವುದು ಟಿಡಿಎಸ್ ಕಳೆಯುವ ಮೊದಲಿನ 26,000, ಬ್ಯಾಂಕಿಗೆ ಬಿದ್ದ 23,400 ಅಲ್ಲ. ನಾಲ್ಕು ವರ್ಷಕ್ಕೆ 52,000, ನೋಟಿಸ್ ಬದಲು 26,000, ಒಟ್ಟು 78,000. ಹೊಸ ಸಂಹಿತೆಯಲ್ಲಿ ಇನ್ನೊಂದು ಸೇರಿದೆ. ಕೆಲಸ ಕಳೆದುಕೊಂಡವರು ಹೊಸ ಕೌಶಲ ಕಲಿಯಲಿ ಅಂತ ಇರುವ ಮರುಕೌಶಲ ನಿಧಿಗೆ ಕಂಪನಿ ಇನ್ನೂ 15 ದಿನದ ವೇತನ ಕಟ್ಟಬೇಕು. ಅದು ಕೆಲಸ ಹೋದ 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಇಲ್ಲಿ ಅದು 13,000. ಎಲ್ಲ ಸೇರಿ 91,000. ಜನವರಿಯ 20 ದಿನದ ದುಡಿಮೆಯ ಹಣ ಬೇರೆ. ಕೆಲಸದಿಂದ ತೆಗೆದ ಎರಡು ಕೆಲಸದ ದಿನದೊಳಗೆ ಬಾಕಿ ವೇತನ ಕೊಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ.

ಆದರೆ 91,000 ಅನ್ನುವುದು ಕಂಪನಿ ಸರಿಯಾದ ದಾರಿಯಲ್ಲಿ ತೆಗೆದಿದ್ದರೆ ಕೊಡಬೇಕಿದ್ದ ಹಣ. ತಪ್ಪು ದಾರಿಯಲ್ಲಿ ತೆಗೆದದ್ದಕ್ಕೆ ಪರಿಹಾರ ಬೇರೆಯೇ. ನೋಟಿಸೂ ಇಲ್ಲ, ಪರಿಹಾರವೂ ಇಲ್ಲ ಅಂದರೆ ತೆಗೆದದ್ದೇ ಕಾನೂನಿನಲ್ಲಿ ನಿಲ್ಲುವುದಿಲ್ಲ. ಆಗ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ, ಮನೆಯಲ್ಲಿ ಕೂತ ಅವಧಿಯ ವೇತನ ಕೊಡಿ ಅಂತ ಕೇಳಬಹುದು. 2013ರ ದೀಪಾಲಿ ಗುಂಡು ಸುರ್ವಸೆ ಕೇಸಿನಲ್ಲಿ ಸುಪ್ರೀಂ ಕೋರ್ಟು, ಅಕ್ರಮವಾಗಿ ತೆಗೆದರೆ ಹಿಂದಿನ ವೇತನದೊಂದಿಗೆ ಮರಳಿ ಸೇರಿಸುವುದೇ ಸಾಮಾನ್ಯ ನಿಯಮ ಅಂದಿದೆ. ಆ ಅವಧಿಯಲ್ಲಿ ಬೇರೆ ಕಡೆ ದುಡಿಯುತ್ತಿರಲಿಲ್ಲ ಅಥವಾ ಕಡಿಮೆಗೆ ದುಡಿದೆ ಅಂತ ಕೆಲಸಗಾರ ಹೇಳಬೇಕು. ಬೇರೆ ಕೆಲಸ ಸಿಕ್ಕಿದ್ದನ್ನು ಮುಚ್ಚಿಡಬೇಡಿ. ಪಿಎಫ್ ಖಾತೆ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ ಗೊತ್ತಾಗಿಬಿಡುತ್ತದೆ. ಆಮೇಲೆ ನೀವು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಕಡಿಮೆ ಅವಧಿ ದುಡಿದವರಿಗೆ, ದಿನಗೂಲಿಯವರಿಗೆ ಮರಳಿ ಕೆಲಸದ ಬದಲು ಒಂದು ಮೊತ್ತ ಕೊಡಿಸಿ ಮುಗಿಸುವುದೂ ಸಾಕಷ್ಟು ಇದೆ. ಅದೆಷ್ಟು ಅಂತ ಮುಂಚೆಯೇ ಹೇಳುವ ವಕೀಲರನ್ನು ಕಂಡರೆ ಸ್ವಲ್ಪ ದೂರ ಇರಿ.

ನನ್ನ ಸಂಬಳ ಒಂದು ಲಕ್ಷ. ನಾನು ‘ಕಾರ್ಮಿಕ’ ಆಗುತ್ತೇನಾ?

ಮೇಲೆ ಹೇಳಿದ ರಿಟ್ರೆಂಚ್‌ಮೆಂಟ್ ಹಕ್ಕುಗಳು ಕಾನೂನು ‘ಕಾರ್ಮಿಕ’ ಅನ್ನುವವರಿಗೆ. ಯಾರು ಕಾರ್ಮಿಕ ಅಂತ ಸಂಬಳದ ಮೊತ್ತ ನೋಡಿ ಹೇಳಲಾಗದು. ಕೈಕೆಲಸ, ಕೌಶಲದ ಕೆಲಸ, ತಾಂತ್ರಿಕ ಕೆಲಸ, ಗುಮಾಸ್ತಿಕೆ ಮಾಡುವವರಿಗೆ ಸಂಬಳದ ಮಿತಿಯೇ ಇಲ್ಲ. ಮಿತಿ ಇರುವುದು ಮೇಲ್ವಿಚಾರಣೆ ಮಾಡುವವರಿಗೆ. ಹಳೆಯ ಕಾಯ್ದೆಯಲ್ಲಿ ತಿಂಗಳಿಗೆ 10,000, ಈಗ 18,000. ಅದಕ್ಕಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಹೊರಗೆ. ಆಡಳಿತ ನಡೆಸುವ ಮ್ಯಾನೇಜರ್‌ಗಳು ಎಷ್ಟೇ ಸಂಬಳ ಇದ್ದರೂ ಹೊರಗೆ.

ಇಲ್ಲೂ ಹೆಸರಿಗಿಂತ ಕೆಲಸ ಮುಖ್ಯ. ‘ಅಸಿಸ್ಟೆಂಟ್ ಮ್ಯಾನೇಜರ್’ ಅಂತ ಕಾರ್ಡ್ ಕೊಟ್ಟು ಇಡೀ ದಿನ ಎಕ್ಸೆಲ್ ತುಂಬಿಸುತ್ತಿದ್ದರೆ ಅದು ಗುಮಾಸ್ತಿಕೆ. ಯಾರ ರಜೆಯನ್ನಾದರೂ ಮಂಜೂರು ಮಾಡುತ್ತಿದ್ದಿರಾ, ಯಾರನ್ನಾದರೂ ಸೇರಿಸುವ ತೆಗೆಯುವ ಅಧಿಕಾರ ಇತ್ತಾ ಅಂತ ನಾನು ಮೊದಲು ಕೇಳುತ್ತೇನೆ.

ಕಾರ್ಮಿಕ ಅನ್ನುವ ಪದದೊಳಗೆ ಬರದವರಿಗೂ ಒಂದು ಬಾಗಿಲು ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ. ಆರು ತಿಂಗಳು ನಿರಂತರ ಸೇವೆ ಮಾಡಿದವರನ್ನು ಸೂಕ್ತ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ವೇತನ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ಅಂದರೆ ವಿಚಾರಣೆ ನಡೆಸಿ ಸಾಕ್ಷಿ ದಾಖಲಿಸಿರಬೇಕು. ತೆಗೆದರೆ ಮೇಲ್ಮನವಿಗೆ ಅವಕಾಶ ಇದೆ. ಇದು ರಾಜ್ಯದ ಕಾಯ್ದೆ, ಸಂಹಿತೆ ಬಂದ ಮೇಲೂ ಉಳಿದಿದೆ. ಪೀಸ್ ಲೆಕ್ಕದಲ್ಲಿ, ಕಮಿಷನ್ ಲೆಕ್ಕದಲ್ಲಿ ದುಡಿಯುವವರೂ ಇದರ ‘ನೌಕರ’ ಪದದೊಳಗೆ ಬರುತ್ತಾರೆ. ಆಡಳಿತದ ಹುದ್ದೆಯಲ್ಲಿರುವವರಿಗೆ ಮಾತ್ರ ಇದೂ ಸಿಗುವುದಿಲ್ಲ. ಅವರಿಗೆ ಉಳಿಯುವುದು ಸಿವಿಲ್ ಕೋರ್ಟು. ಅಲ್ಲಿ ಸಾಮಾನ್ಯವಾಗಿ ನೋಟಿಸ್ ಅವಧಿಯ ಹಣ ಸಿಗಬಹುದು, ಕೆಲಸ ಮರಳಿ ಸಿಗುವುದಿಲ್ಲ.

ನಿಜಕ್ಕೂ ಸ್ವತಂತ್ರವಾಗಿ ದುಡಿಯುವವರ ಗತಿ?

ನಿಮ್ಮದೇ ಕ್ಯಾಮೆರಾ, ನಿಮ್ಮದೇ ದರ, ತಿಂಗಳಿಗೆ ನಾಲ್ಕು ಗಿರಾಕಿ, ಕೆಲಸ ಹೆಚ್ಚಾದರೆ ಇನ್ನೊಬ್ಬರಿಗೆ ದಾಟಿಸುತ್ತೀರಿ ಅಂದರೆ ನೀವು ಉದ್ಯೋಗಿಯಲ್ಲ. ಒಬ್ಬ ಗಿರಾಕಿ ಕೆಲಸ ನಿಲ್ಲಿಸಿದ್ದನ್ನು ‘ಅನ್ಯಾಯವಾಗಿ ಕೆಲಸದಿಂದ ತೆಗೆದರು’ ಅಂತ ಕಾರ್ಮಿಕ ಇಲಾಖೆಗೆ ಒಯ್ದರೆ ಸಮಯ ಹಾಳು. ನಿಮ್ಮ ಹಕ್ಕು ಬಾಕಿ ಹಣದ್ದು ಮತ್ತು ಅಗ್ರಿಮೆಂಟ್‌ನ ನೋಟಿಸ್ ಷರತ್ತಿನದು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯಡಿ, 45 ದಿನ ಮೀರಿದ ಬಾಕಿಗೆ ಬಡ್ಡಿ ಸಮೇತ ಕೇಳಬಹುದು.

ಡೆಲಿವರಿ ಹುಡುಗರು, ಕ್ಯಾಬ್ ಓಡಿಸುವವರು?

ಇವರ ವಿಷಯ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕರನ್ನು ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗಿನವರು ಅಂತಲೇ ವಿವರಿಸುತ್ತದೆ. ಕರ್ನಾಟಕ 2025ರಲ್ಲಿ ತನ್ನದೇ ಕಾಯ್ದೆ ತಂದಿತು. ಆ್ಯಪ್ ಕಂಪನಿಗಳು ಒಬ್ಬರನ್ನು ತೆಗೆಯುವ ಮೊದಲು ಸರಿಯಾದ ಕಾರಣವನ್ನು ಬರೆದು ಕೊಡಬೇಕು, 14 ದಿನದ ನೋಟಿಸ್ ಕೊಡಬೇಕು ಅನ್ನುವುದು ಅದರಲ್ಲಿದೆ. ಇದರಿಂದ ಅವರು ಉದ್ಯೋಗಿಗಳಾಗಲಿಲ್ಲ. ಆದರೆ ರಾತ್ರೋರಾತ್ರಿ ಐಡಿ ಬ್ಲಾಕ್ ಆದರೆ ಏಕೆ ಅಂತ ಕೇಳುವ ಹಕ್ಕು ಬಂತು.

ರಾಜೀನಾಮೆ ಬರೆಸಿಕೊಂಡರು. ಈಗ?

ಮೀಟಿಂಗ್ ರೂಮಿಗೆ ಕರೆದು, ‘ನೀನೇ ರಿಸೈನ್ ಮಾಡು, ಇಲ್ಲಾಂದ್ರೆ ರಿಲೀವಿಂಗ್ ಲೆಟರ್ ಹಾಳಾಗತ್ತೆ’ ಅನ್ನುವುದು ಈ ಊರಿನ ಹಳೆಯ ಪದ್ಧತಿ. ಒತ್ತಡದಿಂದ ಪಡೆದ ರಾಜೀನಾಮೆ ರಾಜೀನಾಮೆಯಲ್ಲ ಅಂತ ವಾದಿಸಬಹುದು. ಆದರೆ ತೋರಿಸುವುದು ನಿಮ್ಮ ಕೆಲಸ. ಅವತ್ತೇ ರಾತ್ರಿ, ಆಗದಿದ್ದರೆ ಮರುದಿನ, ನಡೆದದ್ದನ್ನು ಬರೆದು ಮೇಲ್ ಹಾಕಿ. ಯಾರಿದ್ದರು, ಎಷ್ಟು ಹೊತ್ತು ಕೂರಿಸಿದ್ದರು, ಏನಂದರು. ಆರು ತಿಂಗಳ ನಂತರ ಹೇಳಿದರೆ ಕಥೆ ಕಟ್ಟಿದಂತೆ ಕೇಳಿಸುತ್ತದೆ. ಸಹಿ ಹಾಕದಿದ್ದರೆ ಇನ್ನೂ ಒಳ್ಳೆಯದು. ತೆಗೆಯುವುದಿದ್ದರೆ ಅವರೇ ಬರೆದುಕೊಡಲಿ.

ಸಾಕ್ಷಿಗೆ ಏನೇನು ಇಟ್ಟುಕೊಳ್ಳಬೇಕು?

ನೀವು ಗ್ರೂಪಿನಿಂದ ಹೊರಬಿದ್ದರೂ ಹಳೆಯ ಚಾಟ್ ನಿಮ್ಮ ಫೋನಿನಲ್ಲಿ ಇರುತ್ತದೆ. ಸಿಟ್ಟಿನಲ್ಲಿ ಅಳಿಸಬೇಡಿ. ಇಡೀ ಚಾಟ್ ಎಕ್ಸ್‌ಪೋರ್ಟ್ ಮಾಡಿ. ಫೋನ್ ಬದಲಾಯಿಸಬೇಡಿ, ಯಾಕಂದರೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಅದು ಯಾವ ಸಾಧನದಿಂದ ಬಂತು ಅನ್ನುವ ಪ್ರಮಾಣಪತ್ರ ಕೊಡಬೇಕು. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ ಬಿದ್ದ ಸಾಲುಗಳು, ರಜೆ ಕೇಳಿದ ಮೆಸೇಜು, ಬೈದ ಮೇಲ್, ಗುರುತಿನ ಚೀಟಿ, ಇವೆಲ್ಲ ಬೇಕು.

ಒಂದು ಮಾತ್ರ ಮಾಡಬೇಡಿ. ಕಂಪನಿಯ ಗಿರಾಕಿಗಳ ಪಟ್ಟಿ, ಲೆಕ್ಕದ ಫೈಲು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರುವುದು. ಅಲ್ಲಿಂದಾಚೆ ಚರ್ಚೆ ನಿಮ್ಮನ್ನು ತೆಗೆದದ್ದರ ಬಗ್ಗೆ ಇರುವುದಿಲ್ಲ, ನೀವು ಕದ್ದದ್ದರ ಬಗ್ಗೆ ಇರುತ್ತದೆ.

ಎಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ?

ಮೊದಲು ಕೋರ್ಟಲ್ಲ, ರಾಜಿ ಸಂಧಾನ. ಕಾರ್ಮಿಕ ಇಲಾಖೆಯ ಅಧಿಕಾರಿಗೆ ಅರ್ಜಿ. ಬೆಂಗಳೂರಿನಲ್ಲಿ ಇಲಾಖೆಯ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಡೇರಿ ಸರ್ಕಲ್ ಹತ್ತಿರ. ನಿಮ್ಮ ಕೆಲಸದ ಜಾಗ ಯಾವ ಅಧಿಕಾರಿಯ ವ್ಯಾಪ್ತಿಗೆ ಬರುತ್ತದೆ ಅಂತ ಅಲ್ಲೇ ಹೇಳುತ್ತಾರೆ. ಅಧಿಕಾರಿ ಎರಡೂ ಕಡೆಯವರನ್ನು ಕರೆಸುತ್ತಾರೆ. ಅವರು ತೀರ್ಪು ಕೊಡುವುದಿಲ್ಲ, ರಾಜಿಗೆ ನೋಡುತ್ತಾರೆ, ಆಗದಿದ್ದರೆ 45 ದಿನದೊಳಗೆ ವರದಿ ಕೊಡಬೇಕು. ಆ ವರದಿ ಕೈಗೆ ಬಂದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು.

ಹೊಸ ಸಂಹಿತೆಯಲ್ಲಿ ಎಡವುವ ಜಾಗ ಒಂದಿದೆ. ಹಳೆಯ ಕಾಯ್ದೆಯಲ್ಲಿ ಕೆಲಸ ಹೋದವರಿಗೆ ಮೂರು ವರ್ಷ ಇತ್ತು. ಈಗ ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಅಧಿಕಾರಿ ಸಂಧಾನ ನಡೆಸುವಂತಿಲ್ಲ. ನಮ್ಮ ಹುಡುಗನಿಗೆ 2028ರ ಜನವರಿ 20 ಕೊನೆ. ‘ಹೇಗಿದ್ದರೂ ಮೂರು ವರ್ಷ ಇದೆಯಲ್ಲ’ ಅಂತ ಹೇಳುವ ಹಳೇ ಸ್ನೇಹಿತರ ಮಾತು ಕೇಳಬೇಡಿ.

ಪಿಎಫ್ ಕಟ್ಟಲಿಲ್ಲ ಅನ್ನುವುದು ಬೇರೆ ದೂರು, ಪಿಎಫ್ ಕಚೇರಿಗೆ. ಅಲ್ಲಿ ನಿಮ್ಮನ್ನು ನೌಕರ ಅಂತ ಹಿಡಿದರೆ ಇಲ್ಲಿಗೂ ಸ್ವಲ್ಪ ಬಲ ಬರುತ್ತದೆ, ಆದರೆ ಅದೇ ಅಂತಿಮವಲ್ಲ.

ಕಂಪನಿಗೆ ಮೊದಲು ಏನಂತ ಬರೆಯಲಿ?

ಚಿಕ್ಕದಾಗಿ, ಬೈಗುಳ ಇಲ್ಲದೆ. ನಮ್ಮ ಹುಡುಗ ಜನವರಿ 22ರಂದು ಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಕಳಿಸಿದ್ದು ಇಷ್ಟೇ:

‘ನಾನು 1-5-2022ರಿಂದ ನಿಮ್ಮಲ್ಲಿ ಸರ್ವಿಸ್ ಟೆಕ್ನಿಷಿಯನ್ ಆಗಿ ತಿಂಗಳಿಗೆ 26,000 ರೂಪಾಯಿಗೆ ಕೆಲಸ ಮಾಡುತ್ತಿದ್ದೆ. 20-1-2026ರ ಸಂಜೆ ನಾಳೆಯಿಂದ ಬರಬೇಡ ಅಂತ ಫೋನಿನಲ್ಲಿ ಹೇಳಿದ್ದೀರಿ. ನೋಟಿಸ್, ಕಾರಣ, ಪರಿಹಾರ ಯಾವುದೂ ಕೊಟ್ಟಿಲ್ಲ. ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲಸ ಬಿಟ್ಟೂ ಹೋಗಿಲ್ಲ. ಕೆಲಸಕ್ಕೆ ಬರಲು ಈಗಲೂ ಸಿದ್ಧನಿದ್ದೇನೆ. ಯಾವಾಗ ಬರಬೇಕು ತಿಳಿಸಿ. ಟೂಲ್ ಕಿಟ್ ನನ್ನ ಹತ್ತಿರ ಇದೆ. ಯಾರಿಗೆ ಒಪ್ಪಿಸಿ ರಸೀದಿ ಪಡೆಯಲಿ ಅದನ್ನೂ ತಿಳಿಸಿ.’

‘ಕೆಲಸ ಬಿಟ್ಟು ಹೋಗಿಲ್ಲ’ ಅನ್ನುವ ಸಾಲು ಬಿಡಬೇಡಿ. ‘ಅವನೇ ಬರುವುದು ನಿಲ್ಲಿಸಿದ’ ಅನ್ನುವುದು ಕಂಪನಿಯ ಎರಡನೇ ಉತ್ತರ ಆಗಿರುತ್ತದೆ. ಟೂಲ್ ಕಿಟ್‌ನ ಸಾಲು ಯಾಕೆ ಅಂದರೆ, ಅದಕ್ಕೆ ಕಂಪನಿಯವರು ಹೇಗೆ ಉತ್ತರಿಸಿದರೂ ಒಂದು ಸಂಗತಿ ಕಾಗದದ ಮೇಲೆ ಬರುತ್ತದೆ: ಉಪಕರಣ ಅವರದು. ನಮ್ಮ ಹುಡುಗನಿಗೆ ಎರಡೇ ದಿನದಲ್ಲಿ ಉತ್ತರ ಬಂತು, ‘ಕಂಪನಿಯ ಆಸ್ತಿಯನ್ನು ಕೂಡಲೇ ಸ್ಟೋರ್‌ಗೆ ಹಿಂದಿರುಗಿಸಿ’ ಅಂತ.